ಬ್ಯಾಂಕಿನಲ್ಲಿ 48 ಲಕ್ಷ ಇದೆ, ಮಾರ್ಚ್ ಸಂಬಳಕ್ಕೆ 80,000 ಕೊರತೆ

ಐದು ಗ್ರಂಥಾಲಯ ನಡೆಸುವ ನಮ್ಮ ಟ್ರಸ್ಟಿನ ಕಳೆದ ಸಭೆಯಲ್ಲಿ ಸೆಪ್ಟೆಂಬರ್ 30ರ ಬ್ಯಾಂಕ್ ಸ್ಟೇಟ್‌ಮೆಂಟ್ ಅನ್ನು ಮೇಜಿನ ಮೇಲಿಟ್ಟಾಗ ಹಿರಿಯ ಟ್ರಸ್ಟಿಯೊಬ್ಬರು ಕನ್ನಡಕ ಸರಿಪಡಿಸಿಕೊಂಡು, "ನಲವತ್ತೆಂಟು ಲಕ್ಷ ಇದೆಯಲ್ಲ, ಆರನೇ ಗ್ರಂಥಾಲಯ ತೆರೆಯಲು ಇನ್ನೇನು ಅಡ್ಡಿ?" ಎಂದು ಕೇಳಿದರು. ಪಕ್ಕದಲ್ಲಿದ್ದವರು ಮೊಬೈಲಿನಲ್ಲೇ ಭಾಗಾಕಾರ ಮಾಡಿ, ಎಂಟು ತಿಂಗಳಿಗೂ ಹೆಚ್ಚು ಕಾಲ ಸಾಕು ಎಂದರು. ಖಜಾಂಚಿಯಾದ ನಾನು ಮಾತ್ರ ಮಾರ್ಚ್ ಸಂಬಳಕ್ಕೆ ಹಣ ಸಾಲದು ಎಂದೆ. ಮೂವರೂ ನೋಡುತ್ತಿದ್ದುದು ಒಂದೇ ಹಾಳೆಯನ್ನು. ಒಂದೇ ಹಾಳೆಯಿಂದ ಎರಡು ಉತ್ತರ ಹೇಗೆ ಬಂದವು ಎಂಬುದನ್ನು ಅವತ್ತು ಹತ್ತು ನಿಮಿಷದಲ್ಲಿ ಬಿಡಿಸಿ ಹೇಳಲಾಗಲಿಲ್ಲ. ಈ ಟಿಪ್ಪಣಿ ಅದಕ್ಕಾಗಿ. ಲೆಕ್ಕಶಾಸ್ತ್ರ ಓದದವರಿಗೂ ತಿಳಿಯುವಂತೆ ಬುಡದಿಂದ ಹೋಗುತ್ತೇನೆ.

## ಎರಡು ಪದಗಳು

ಬರ್ನ್ ರೇಟ್ ಎಂದರೆ ತಿಂಗಳಿಗೆ ನಮ್ಮ ಹಣ ಎಷ್ಟು ಕರಗುತ್ತದೆ ಎಂಬ ಲೆಕ್ಕ. ಇದರಲ್ಲಿ ಎರಡು ಬಗೆ. ತಿಂಗಳಿಗೆ ಹೊರಹೋಗುವ ಒಟ್ಟು ಹಣ ಒಂದು. ಆ ತಿಂಗಳು ಒಳಬಂದದ್ದನ್ನು ಕಳೆದ ಮೇಲೆ ಗಂಟಿನಿಂದ ನಿಜವಾಗಿ ಕರಗಿದ ಹಣ ಇನ್ನೊಂದು. ಮೊದಲನೆಯದನ್ನು ಒಟ್ಟು ಬರ್ನ್, ಎರಡನೆಯದನ್ನು ನಿವ್ವಳ ಬರ್ನ್ ಎನ್ನೋಣ.

ರನ್‌ವೇ ಪದ ವಿಮಾನ ನಿಲ್ದಾಣದಿಂದ ಬಂದದ್ದು. ಓಡುಹಾದಿ ಮುಗಿಯುವುದರೊಳಗೆ ವಿಮಾನ ಮೇಲೇಳಬೇಕು. ನಮ್ಮಂಥ ಸಂಸ್ಥೆಗೆ ಅದರ ಅರ್ಥ ಇಷ್ಟೇ: ಹೊಸ ಹಣ ಬಾರದಿದ್ದರೆ ಕೈಯಲ್ಲಿರುವುದು ಎಷ್ಟು ತಿಂಗಳು ನಡೆಸುತ್ತದೆ? ಕೈಯಲ್ಲಿರುವ ಹಣವನ್ನು ನಿವ್ವಳ ಬರ್ನ್‌ನಿಂದ ಭಾಗಿಸಿದರೆ ಉತ್ತರ. ಸೂತ್ರ ಇಷ್ಟು ಸುಲಭ. ತಪ್ಪು ಭಾಗಾಕಾರದಲ್ಲಿ ಆಗುವುದಿಲ್ಲ, ಅದಕ್ಕೆ ಹಾಕುವ ಎರಡು ಸಂಖ್ಯೆಗಳಲ್ಲಿ ಆಗುತ್ತದೆ.

ಸಭೆಯಲ್ಲಿ ಆದ ಭಾಗಾಕಾರವನ್ನೇ ನೋಡಿ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಖಾತೆಯಿಂದ 34,20,000 ರೂಪಾಯಿ ಹೊರಹೋಗಿದೆ, ಅಂದರೆ ತಿಂಗಳಿಗೆ 5,70,000. ಖಾತೆ ಮತ್ತು ಠೇವಣಿ ಸೇರಿ ಇರುವುದು 48,00,000. ಭಾಗಿಸಿದರೆ 8.4 ತಿಂಗಳು, ಜೂನ್ ಮಧ್ಯದವರೆಗೆ. ಕೂಡಿದ್ದು, ಭಾಗಿಸಿದ್ದು ಎರಡೂ ಸರಿ. ಆದರೂ ಉತ್ತರ ತಪ್ಪು.

## ಕಣಜದಲ್ಲಿ ಯಾರ ಭತ್ತ ಎಷ್ಟು?

ಹಳೆಯ ಮನೆಗಳ ಕಣಜವನ್ನು ನೆನಪಿಸಿಕೊಳ್ಳಿ. ಒಳಗೆ ನಲವತ್ತೆಂಟು ಚೀಲ ಭತ್ತ ಇದೆ ಎಂದರೆ ಅಷ್ಟನ್ನೂ ಉಣ್ಣಬಹುದು ಎಂದಲ್ಲ. ಕೆಲವು ಚೀಲ ಬಿತ್ತನೆಗೆ ತೆಗೆದಿಟ್ಟದ್ದು. ಕೆಲವನ್ನು ಪಕ್ಕದ ಮನೆಯವರು ಮದುವೆಗೆಂದು ನಮ್ಮಲ್ಲಿ ಇಟ್ಟುಹೋಗಿದ್ದಾರೆ. ಇನ್ನು ಕೆಲವು ಈಗಾಗಲೇ ಕೂಲಿಯವರಿಗೆ ಅಳೆದು ಕೊಡಬೇಕಾದದ್ದು. ಉಳಿದದ್ದೇ ಊಟದ ಭತ್ತ.

ನಮ್ಮ 48 ಲಕ್ಷದಲ್ಲಿ ಬಿತ್ತನೆಯ ಬೀಜ 15 ಲಕ್ಷ. ಇದು ಮೂಲನಿಧಿ, ಅಂದರೆ ಕಾರ್ಪಸ್. ಕೊಟ್ಟವರು "ಮೂಲನಿಧಿಗೆ ಮಾತ್ರ" ಎಂದು ಬರೆದುಕೊಟ್ಟ ಪತ್ರ ಕಚೇರಿಯ ಕಪಾಟಿನ ಹಸಿರು ಕಡತದಲ್ಲಿದೆ. ಆದಾಯ ತೆರಿಗೆ ಕಾಯ್ದೆ ಇಂಥ ದಾನವನ್ನು ಬೇರೆಯಾಗಿ ನೋಡುವುದೇ ಆ ಲಿಖಿತ ಸೂಚನೆಯ ಬಲದ ಮೇಲೆ. ಅದನ್ನು ಕಾಯ್ದೆ ಒಪ್ಪುವ ರೀತಿಯ ಹೂಡಿಕೆಯಲ್ಲಿ, ಮೂಲನಿಧಿಯ ಹೆಸರಿನಲ್ಲೇ ಇಟ್ಟಿರಬೇಕು. ಬಡ್ಡಿ ನಮ್ಮದು, ಅಸಲು ಅಲ್ಲ. ಸಭೆಯಲ್ಲಿ ಬಂದ "ಠೇವಣಿಯ ಮೇಲೆ ಓವರ್‌ಡ್ರಾಫ್ಟ್ ತೆಗೆಯೋಣ" ಎಂಬ ಸಲಹೆಗೂ ಉತ್ತರ ಇಲ್ಲೇ ಇದೆ. ಆ ಸಾಲ ತೀರದಿದ್ದರೆ ಬ್ಯಾಂಕು ಮುರಿಯುವುದು ಬಿತ್ತನೆಯ ಚೀಲವನ್ನೇ.

ಪಕ್ಕದ ಮನೆಯವರ ಭತ್ತ 14 ಲಕ್ಷ. ಇದು ಕಂಪನಿಯೊಂದರ ಸಿಎಸ್‌ಆರ್, ಅಂದರೆ ಸಾಮಾಜಿಕ ಹೊಣೆಗಾರಿಕೆಯ ಅನುದಾನ, ಎರಡು ಗ್ರಂಥಾಲಯಗಳಿಗೆ ಮೀಸಲು. ಒಪ್ಪಂದ ಮಾರ್ಚ್ 31ಕ್ಕೆ ಮುಗಿಯುತ್ತದೆ. ಅದರಲ್ಲಿ 12 ಲಕ್ಷ ಆರು ತಿಂಗಳ ಸಂಬಳ ಮತ್ತು ನಿರ್ವಹಣೆಗೆ, 2 ಲಕ್ಷ ಪುಸ್ತಕ ಖರೀದಿಗೆ. ವರ್ಷದ ಕೊನೆಗೆ ಬಳಕೆ ಪ್ರಮಾಣಪತ್ರ ಕೊಡುವಾಗ ಪ್ರತಿ ರೂಪಾಯಿಯೂ ಆ ಎರಡು ಗ್ರಂಥಾಲಯಗಳಿಗೇ ಹೋಗಿದೆ ಎಂದು ಲೆಕ್ಕ ಪರಿಶೋಧಕರು ಸಹಿ ಹಾಕಬೇಕು. ಮೂರನೇ ಗ್ರಂಥಾಲಯದ ವಿದ್ಯುತ್ ಬಿಲ್ಲನ್ನು ಇದರಿಂದ ಕಟ್ಟುವಂತಿಲ್ಲ.

(ವಿದೇಶಿ ದೇಣಿಗೆ ಪಡೆಯುವ ನೋಂದಣಿ ನಮಗಿಲ್ಲ. ಇದ್ದಿದ್ದರೆ ಕಣಜದಲ್ಲಿ ಇನ್ನೊಂದು ಗೂಡು ಬೇಕಾಗುತ್ತಿತ್ತು. 2020ರ ತಿದ್ದುಪಡಿಯ ನಂತರ ಆ ಹಣ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು, ಅದರಲ್ಲಿ ಆಡಳಿತ ವೆಚ್ಚ ಶೇ. 20ನ್ನು ಮೀರಬಾರದು.)

ಇನ್ನು ಅಳೆದು ಕೊಡಬೇಕಾದ ಕೂಲಿ 3 ಲಕ್ಷ. ಸೆಪ್ಟೆಂಬರ್ ಸಂಬಳದಿಂದ ಹಿಡಿದ ತೆರಿಗೆಯನ್ನು ಅಕ್ಟೋಬರ್ 7ರೊಳಗೆ, ಭವಿಷ್ಯನಿಧಿಯನ್ನು 15ರೊಳಗೆ ಕಟ್ಟಬೇಕು. ಎರಡೂ ಸೇರಿ 40,000. ಮುದ್ರಣಾಲಯದ ಬಾಕಿ 1,10,000. ಉಳಿದ 1,50,000 ಅಕ್ಟೋಬರ್‌ನಲ್ಲಿ ನಿವೃತ್ತರಾಗುವ ನಮ್ಮ ಗ್ರಂಥಪಾಲಕರ ಗ್ರಾಚ್ಯುಟಿ. ಅದರ ಲೆಕ್ಕ ಹೀಗೆ: ಕೊನೆಯ ಸಂಬಳದ ಮೂಲವೇತನ ಮತ್ತು ತುಟ್ಟಿಭತ್ಯೆ 20,000. ಅದನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದರೆ ಒಂದು ವರ್ಷದ ಸೇವೆಗೆ ಸಲ್ಲುವ ಮೊತ್ತ ಬರುತ್ತದೆ. ಅವರು 13 ವರ್ಷ ಸೇವೆ ಮಾಡಿದ್ದಾರೆ, ಆದ್ದರಿಂದ ಸರಿಯಾಗಿ ಒಂದೂವರೆ ಲಕ್ಷ. ಈ ಬಾಕಿ ಯಾವ ತಿಂಗಳ ಖರ್ಚಿನಲ್ಲೂ ಕಾಣುವುದಿಲ್ಲ, ಬರುವ ದಿನ ಒಟ್ಟಿಗೇ ಬರುತ್ತದೆ. ಸಣ್ಣ ಸಂಸ್ಥೆಗಳ ಲೆಕ್ಕ ಎಡವುವ ಜಾಗಗಳಲ್ಲಿ ಇದೂ ಒಂದು. ನಾನೂ ಮೊದಲ ಕರಡಿನಲ್ಲಿ ಇದನ್ನು ಬಿಟ್ಟಿದ್ದೆ, ನಮ್ಮ ಗುಮಾಸ್ತರು ನೆನಪಿಸಿದರು.

48ರಿಂದ 15, 14 ಮತ್ತು 3 ಕಳೆದರೆ ಉಳಿಯುವುದು 16 ಲಕ್ಷ. ಊಟದ ಭತ್ತ ಇಷ್ಟೇ. ಇನ್ನು ಮುಂದೆ "ನಮ್ಮ ಹಣ" ಎಂದಾಗಲೆಲ್ಲ ಈ 16 ಲಕ್ಷ ಎಂದೇ ತಿಳಿಯಿರಿ.

## ತಿಂಗಳಿಗೆ ನಿಜವಾಗಿ ಎಷ್ಟು ಕರಗುತ್ತದೆ?

ಎರಡನೇ ಸಂಖ್ಯೆಯಾದ 5,70,000ವನ್ನೂ ಶುದ್ಧಮಾಡಬೇಕು. ಅದರೊಳಗೆ ಮೇ ತಿಂಗಳಲ್ಲಿ ಕೊಂಡ ಕಂಪ್ಯೂಟರುಗಳ 3 ಲಕ್ಷ ಸೇರಿಕೊಂಡಿದೆ. ಅದು ಒಂದು ಸಲದ ಖರ್ಚು, ಪ್ರತಿ ಆರು ತಿಂಗಳಿಗೆ ಮರುಕಳಿಸುವುದಲ್ಲ. ಅದನ್ನು ತೆಗೆದರೆ ಆರು ತಿಂಗಳ ಖರ್ಚು 31,20,000, ತಿಂಗಳಿಗೆ 5,20,000.

ತೆಗೆಯುವಾಗ ಎಲ್ಲರೂ ಹುಷಾರಾಗಿರುತ್ತಾರೆ, ಸೇರಿಸುವುದನ್ನು ಮರೆಯುತ್ತಾರೆ. ದಸರಾ ಬೋನಸ್, ಲೆಕ್ಕ ಪರಿಶೋಧಕರ ಶುಲ್ಕ, ಕಟ್ಟಡ ವಿಮೆ, ಜನವರಿಯ ಮಕ್ಕಳ ಮೇಳ ಇವೆಲ್ಲ ವರ್ಷಕ್ಕೊಮ್ಮೆ ಬರುತ್ತವೆ, ನಮ್ಮಲ್ಲಿ ಎಲ್ಲವೂ ವರ್ಷದ ಎರಡನೇ ಅರ್ಧದಲ್ಲೇ ಬರುತ್ತವೆ. ಒಟ್ಟು 2,40,000. ಹನ್ನೆರಡು ತಿಂಗಳಿಗೆ ಹಂಚಿದರೆ ತಿಂಗಳಿಗೆ 20,000. ಹೀಗೆ ಒಟ್ಟು ಬರ್ನ್ 5,40,000.

ಇದರಲ್ಲಿ ತಿಂಗಳಿಗೆ 2 ಲಕ್ಷವನ್ನು ಸಿಎಸ್‌ಆರ್ ಅನುದಾನ ಹೊರುತ್ತದೆ. ಅದು ಆ ಎರಡು ಗ್ರಂಥಾಲಯಗಳ ಪಾಲಿನ ಖರ್ಚು. ಅನುದಾನದ ಹಣವನ್ನು ಕಣಜದಿಂದ ಬದಿಗಿಟ್ಟ ಮೇಲೆ ಅದರಿಂದ ನಡೆಯುವ ಖರ್ಚನ್ನೂ ಬದಿಗಿಡಬೇಕು. ಒಂದನ್ನು ಮಾತ್ರ ಇಟ್ಟರೆ ಲೆಕ್ಕ ವಾಲುತ್ತದೆ. ಉಳಿದ 3,40,000 ನಮ್ಮ ಹಣದಿಂದ ಹೋಗುತ್ತದೆ.

ಒಳಬರುವ ಕಡೆ, ತಿಂಗಳಿಗೆ 500ರಿಂದ 2,000 ರೂಪಾಯಿವರೆಗೆ ಕೊಡುವ ದಾನಿಗಳಿದ್ದಾರೆ. ಅವರ ವಾಗ್ದಾನವನ್ನೆಲ್ಲ ಕೂಡಿದರೆ 78,000. ಆದರೆ ಆರು ತಿಂಗಳಲ್ಲಿ ಸರಾಸರಿ ಬಂದದ್ದು 71,000. ಕಾರ್ಡಿನ ಅವಧಿ ಮುಗಿದಿರುತ್ತದೆ, ಖಾತೆಯಲ್ಲಿ ಹಣ ಇರುವುದಿಲ್ಲ, ಸ್ವಯಂಚಾಲಿತ ಪಾವತಿ ಸದ್ದಿಲ್ಲದೆ ನಿಂತುಬಿಡುತ್ತದೆ. ಹಾಗಾಗಿ ಲೆಕ್ಕಕ್ಕೆ 71,000ವನ್ನೇ ತೆಗೆದುಕೊಂಡಿದ್ದೇನೆ. ಠೇವಣಿಯ ಬಡ್ಡಿ ತಿಂಗಳಿಗೆ ಸುಮಾರು 9,000. ಎರಡೂ ಸೇರಿ 80,000. ನಿವ್ವಳ ಬರ್ನ್ 2,60,000.

16,00,000ವನ್ನು 2,60,000ರಿಂದ ಭಾಗಿಸಿದರೆ 6.15 ತಿಂಗಳು. ಮಾರ್ಚ್ ದಾಟುತ್ತದೆ, ಕೈಯಲ್ಲಿ 40,000 ಉಳಿಯುತ್ತದೆ. ಜೂನ್ ಮಧ್ಯ ಎಂದುಕೊಂಡಿದ್ದ ಗಡಿ ಏಪ್ರಿಲ್ ಆರಂಭಕ್ಕೆ ಜಾರಿತು. ಹಲವು ವರದಿಗಳು ಇಲ್ಲಿಗೇ ನಿಲ್ಲುತ್ತವೆ. ಇದೂ ಸರಿಯಾದ ಉತ್ತರವಲ್ಲ.

ಇಲ್ಲೊಂದು ಮಾತು. ಉಳಿತಾಯ ಖಾತೆಯಿಂದ ಠೇವಣಿಗೆ ವರ್ಗಾಯಿಸಿದ ಹಣ ಖರ್ಚಲ್ಲ, ಒಂದು ಜೇಬಿನಿಂದ ಇನ್ನೊಂದಕ್ಕೆ ಹೋದದ್ದು. ವಾರ್ಷಿಕ ಲೆಕ್ಕಪತ್ರದಲ್ಲಿ ಬರುವ ಸವಕಳಿ, ಅಂದರೆ ವಸ್ತು ಹಳತಾದಂತೆ ಇಳಿಸಿ ಬರೆಯುವ ಬೆಲೆ, ಅದೂ ನಗದು ಖರ್ಚಲ್ಲ. ಇವೆರಡೂ ಬರ್ನ್ ಲೆಕ್ಕಕ್ಕೆ ಬರುವುದಿಲ್ಲ.

## ಸರಾಸರಿ ಮುಚ್ಚಿಟ್ಟ ಮಾರ್ಚ್

ವರ್ಷಕ್ಕೊಮ್ಮೆ ಬರುವ 2,40,000ವನ್ನು ಹನ್ನೆರಡು ತಿಂಗಳಿಗೆ ಹಂಚಿದೆವಲ್ಲ, ಅದು ಇಡೀ ವರ್ಷದ ಅಂದಾಜಿಗೆ ಸರಿ. ಆದರೆ ನಾವು ನಿಂತಿರುವುದು ಸೆಪ್ಟೆಂಬರ್ ಕೊನೆಯಲ್ಲಿ, ಅಷ್ಟೂ ಖರ್ಚು ಬರುವುದು ಮುಂದಿನ ಆರು ತಿಂಗಳಲ್ಲಿ. ಸರಾಸರಿ ಅದರಲ್ಲಿ ಅರ್ಧವನ್ನು, ಅಂದರೆ 1,20,000ವನ್ನು ಮಾತ್ರ ಈ ಅವಧಿಗೆ ಹಾಕಿತು. ಉಳಿದರ್ಧವನ್ನು ಮುಗಿದುಹೋದ ತಿಂಗಳುಗಳ ಮೇಲೆ ಹೊರಿಸಿಬಿಟ್ಟಿತು.

ಅದಕ್ಕಾಗಿ ಸರಾಸರಿಯನ್ನು ಬಿಟ್ಟು ಕ್ಯಾಲೆಂಡರ್ ಹಿಡಿಯಬೇಕು. ವಾರ್ಷಿಕ ಖರ್ಚು ಇಲ್ಲದ ತಿಂಗಳಲ್ಲಿ ನಿವ್ವಳ ಬರ್ನ್ 2,40,000. ಅಕ್ಟೋಬರ್‌ನಲ್ಲಿ ಬೋನಸ್ ಮತ್ತು ಪರಿಶೋಧಕರ ಶುಲ್ಕ ಸೇರಿ 1,60,000 ಹೆಚ್ಚುತ್ತದೆ. ಜನವರಿಯಲ್ಲಿ ವಿಮೆ ಮತ್ತು ಮೇಳದ 80,000.

| ತಿಂಗಳು | ಆರಂಭದಲ್ಲಿ | ಕರಗುವುದು | ಕೊನೆಗೆ |
|---|---|---|---|
| ಅಕ್ಟೋಬರ್ | 16,00,000 | 4,00,000 | 12,00,000 |
| ನವೆಂಬರ್ | 12,00,000 | 2,40,000 | 9,60,000 |
| ಡಿಸೆಂಬರ್ | 9,60,000 | 2,40,000 | 7,20,000 |
| ಜನವರಿ | 7,20,000 | 3,20,000 | 4,00,000 |
| ಫೆಬ್ರುವರಿ | 4,00,000 | 2,40,000 | 1,60,000 |
| ಮಾರ್ಚ್ | 1,60,000 | 2,40,000 | −80,000 |

ಮಾರ್ಚ್ ಸಂಬಳದ ದಿನ 80,000 ಕೊರತೆ. ಅದೇ ದಿನ ಬ್ಯಾಂಕಿನಲ್ಲಿ 15 ಲಕ್ಷದ ಠೇವಣಿ ಹಾಗೇ ಇರುತ್ತದೆ ಎಂಬುದನ್ನು ಗಮನಿಸಿ. ಹಣ ಕಣ್ಣಿಗೆ ಕಾಣುತ್ತಿರುತ್ತದೆ, ಮುಟ್ಟುವಂತಿರುವುದಿಲ್ಲ. ಅನುದಾನದ ಹಣದಿಂದ "ಸದ್ಯಕ್ಕೆ ಕೊಟ್ಟು ಆಮೇಲೆ ತುಂಬೋಣ" ಎಂಬ ಆಸೆ ಹುಟ್ಟುವುದು ಇಂಥ ದಿನವೇ. ಹಾಗೆ ಕೈಹಾಕಿದ್ದೇವೆಯೇ ಎಂದು ತಿಳಿಯಲು ಸುಲಭದ ಪರೀಕ್ಷೆಯೊಂದಿದೆ. ಮೂಲನಿಧಿಯನ್ನು ಬಿಟ್ಟು ಖಾತೆಯಲ್ಲಿರುವ ಮೊತ್ತ, ಖರ್ಚಾಗದೆ ಉಳಿದಿರಬೇಕಾದ ಅನುದಾನದ ಮೊತ್ತಕ್ಕಿಂತ ಎಂದಾದರೂ ಕಡಿಮೆಯಾಯಿತೇ? ಆಗಿದ್ದರೆ ಪಕ್ಕದ ಮನೆಯ ಚೀಲ ಬಿಚ್ಚಿದ್ದೇವೆ ಎಂದೇ ಅರ್ಥ. ಈ ಎರಡು ಸಂಖ್ಯೆಗಳನ್ನು ಇನ್ನು ಮುಂದೆ ಪ್ರತಿ ತಿಂಗಳ ವರದಿಯ ಮೊದಲ ಸಾಲಿನಲ್ಲೇ ಕೊಡುತ್ತೇನೆ.

ಏಪ್ರಿಲ್ ಒಂದರಿಂದ ಇನ್ನೊಂದು ಬದಲಾವಣೆ ಇದೆ. ಸಿಎಸ್‌ಆರ್ ಒಪ್ಪಂದ ಮುಗಿದು ಆ 2 ಲಕ್ಷದ ಭಾರವೂ ನಮ್ಮ ಹೆಗಲಿಗೆ ಬಂದರೆ ನಿವ್ವಳ ಬರ್ನ್ ಒಮ್ಮೆಲೇ 4,40,000ಕ್ಕೆ ಏರುತ್ತದೆ. ನಾವು ಒಂದು ರೂಪಾಯಿ ಹೆಚ್ಚು ಖರ್ಚು ಮಾಡಿರುವುದಿಲ್ಲ. ಅನುದಾನದಿಂದ ನಡೆಯುವ ಸಂಸ್ಥೆಯಲ್ಲಿ ಒಟ್ಟು ಬರ್ನ್ ಮತ್ತು ನಿವ್ವಳ ಬರ್ನ್ ಎರಡನ್ನೂ ತೋರಿಸಬೇಕಾದದ್ದು ಇದಕ್ಕಾಗಿಯೇ. ಅನುದಾನ ನಿಂತ ಮರುದಿನ ಎಷ್ಟು ಭಾರ ಬೀಳುತ್ತದೆ ಎಂಬುದು ಎರಡರ ನಡುವಿನ ಅಂತರದಲ್ಲಿ ಅಡಗಿರುತ್ತದೆ.

## ಬರಬಹುದಾದ ಹಣವನ್ನು ಎಲ್ಲಿಡುವುದು?

ಕಳೆದ ಎರಡು ಡಿಸೆಂಬರ್‌ಗಳಲ್ಲೂ ಒಬ್ಬ ದಾನಿ ತಲಾ 3 ಲಕ್ಷ ಕೊಟ್ಟಿದ್ದಾರೆ. ಈ ವರ್ಷವೂ ಕೊಡಬಹುದು, ಆದರೆ ಮಾತು ಕೊಟ್ಟಿಲ್ಲ. ಅದನ್ನು ಲೆಕ್ಕಕ್ಕೆ ಸೇರಿಸಬೇಕೇ?

ದೊಡ್ಡ ಸಂಸ್ಥೆಗಳಲ್ಲಿ ಬರುವ ಸಂಭವ ಎಷ್ಟು ಎಂದು ಅಂದಾಜಿಸಿ ಅದರಿಂದ ಗುಣಿಸುವ ಪದ್ಧತಿ ಇದೆ. ಅರ್ಧಕ್ಕರ್ಧ ಸಂಭವ ಎಂದರೆ 3 ಲಕ್ಷದ ಬದಲು ಒಂದೂವರೆ ಲಕ್ಷ ಬರೆಯುತ್ತಾರೆ. ನೂರಾರು ಅನುದಾನಗಳಿದ್ದರೆ ಹೆಚ್ಚು ಕಡಿಮೆ ಸರಿದೂಗಿ ಹೋಗುತ್ತದೆ. ನಮ್ಮಲ್ಲಿ ಇರುವವರು ಒಬ್ಬರೇ. ಅವರು ಕೊಟ್ಟರೆ ಮಾರ್ಚ್ ಕೊನೆಗೆ 2,20,000 ಉಳಿಯುತ್ತದೆ, ಕೊಡದಿದ್ದರೆ 80,000 ಕೊರತೆ. ಗುಣಿಸಿ ಬರೆದರೆ ವರದಿಯಲ್ಲಿ 70,000 ಉಳಿಕೆ ಕಾಣುತ್ತದೆ. ಅಂಥ ಮಾರ್ಚ್ ಯಾವ ರೀತಿಯಲ್ಲೂ ಬರುವುದಿಲ್ಲ! ಆದ್ದರಿಂದ ಗುಣಿಸದೆ ಎರಡು ಸಾಲು ಬರೆಯುತ್ತೇನೆ: ಸಹಿಯಾದ ಒಪ್ಪಂದಗಳು ಮಾತ್ರ ಇರುವ ಸಾಲು ಒಂದು, ನಿರೀಕ್ಷೆಗಳೂ ಸೇರಿರುವ ಸಾಲು ಇನ್ನೊಂದು. ಮಂಡಳಿ ಹೊಸ ಖರ್ಚು ಒಪ್ಪುವಾಗ ನೋಡಬೇಕಾದದ್ದು ಮೊದಲ ಸಾಲನ್ನು.

ಸಹಿಯಾದ ಒಪ್ಪಂದವನ್ನೂ ಅದರಲ್ಲಿ ಬರೆದ ದಿನಾಂಕಕ್ಕೇ ಹಾಕಿಕೊಳ್ಳಬಾರದು. ಅನುದಾನ ಕಂತುಗಳಲ್ಲಿ ಬರುತ್ತದೆ, ಎರಡನೇ ಕಂತು ಮೊದಲನೆಯದರ ಬಳಕೆ ಪ್ರಮಾಣಪತ್ರ ತಲುಪಿದ ಮೇಲೆ. ನಮ್ಮ ಹಿಂದಿನ ಕಂತೊಂದು ಏಳು ವಾರ ತಡವಾಯಿತು. ಅದಕ್ಕೆ ಕಾರಣ ಯಾರ ದುರುದ್ದೇಶವೂ ಅಲ್ಲ, ಪ್ರಮಾಣಪತ್ರದಲ್ಲಿ ಒಂದು ಸಹಿ ಬಿಟ್ಟುಹೋಗಿತ್ತು.

## ಮಾರ್ಚ್ 31ರ ಸಂಖ್ಯೆ

ಮಂಡಳಿ ವರ್ಷಕ್ಕೊಮ್ಮೆ ತಪ್ಪದೆ ನೋಡುವ ಸಂಖ್ಯೆ ಮಾರ್ಚ್ 31ರ ಬ್ಯಾಂಕ್ ಉಳಿಕೆ. ರನ್‌ವೇ ತಿಳಿಯಲು ಅದರಷ್ಟು ದಾರಿತಪ್ಪಿಸುವ ದಿನಾಂಕ ಬೇರೊಂದಿಲ್ಲ. ಕಂಪನಿಗಳ ಸಿಎಸ್‌ಆರ್ ಬಾಧ್ಯತೆಯೂ ಹಣಕಾಸು ವರ್ಷದ ಲೆಕ್ಕದಲ್ಲೇ ನಡೆಯುತ್ತದೆ. ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ, ಚಾಲ್ತಿಯಲ್ಲಿರುವ ಯೋಜನೆಯ ಹಣ ಖರ್ಚಾಗದೆ ಉಳಿದರೆ ವರ್ಷ ಮುಗಿದ 30 ದಿನಗಳೊಳಗೆ ಅದನ್ನು ಪ್ರತ್ಯೇಕ ಖಾತೆಗೆ ಹಾಕಬೇಕು. ಹಾಗಾಗಿ ಅವರು ಮಾರ್ಚ್‌ನೊಳಗೆ ಬಿಡುಗಡೆ ಮಾಡಲು ನೋಡುತ್ತಾರೆ. ಮುಂದಿನ ವರ್ಷದ ಕೆಲಸದ ಹಣ ಈ ವರ್ಷದ ಕೊನೆಯ ವಾರದಲ್ಲಿ ಬಂದು ಕೂರುತ್ತದೆ, ಖಾತೆ ಉಬ್ಬಿದಂತೆ ಕಾಣುತ್ತದೆ.

"ಒಂದು ವರ್ಷದ ಖರ್ಚನ್ನು ಕೂಡಿಡಬಾರದೇಕೆ?" ಎಂಬ ಪ್ರಶ್ನೆಗೂ ಇಲ್ಲೇ ಉತ್ತರ ಹೇಳಿಬಿಡುತ್ತೇನೆ. ತೆರಿಗೆ ವಿನಾಯಿತಿ ಪಡೆದ ಟ್ರಸ್ಟ್ ತನ್ನ ಆದಾಯದ ಶೇ. 85ನ್ನು ಉದ್ದೇಶಿತ ಕೆಲಸಕ್ಕೆ ಬಳಸಬೇಕು, ಶೇ. 15ನ್ನು ಷರತ್ತಿಲ್ಲದೆ ಉಳಿಸಿಕೊಳ್ಳಬಹುದು. ಅದಕ್ಕೂ ಹೆಚ್ಚು ಉಳಿಸಬೇಕೆಂದರೆ ನಿರ್ದಿಷ್ಟ ಉದ್ದೇಶ ತೋರಿಸಿ, ನಿಗದಿತ ನಮೂನೆ ಸಲ್ಲಿಸಿ, ಐದು ವರ್ಷದ ಮಿತಿಯೊಳಗೆ ಖರ್ಚು ಮಾಡಬೇಕು. ಮೀಸಲನ್ನು ಒಂದೇ ವರ್ಷದಲ್ಲಿ ಕಟ್ಟಲಾಗುವುದಿಲ್ಲ, ವರ್ಷವರ್ಷವೂ ಸ್ವಲ್ಪ ಸ್ವಲ್ಪ ಕೂಡಿಸಬೇಕು. ಸಣ್ಣ ಸಂಸ್ಥೆಗಳು ಸಾಮಾನ್ಯವಾಗಿ ಇಟ್ಟುಕೊಳ್ಳುವ ಗುರಿ ಮೂರರಿಂದ ಆರು ತಿಂಗಳ ಖರ್ಚು.

## ನವೆಂಬರ್ 30 ಏಕೆ?

ಹಣ ಮುಗಿಯುವ ದಿನ ಗೊತ್ತಾದ ಮೇಲೆ ಅಲ್ಲಿಂದ ಹಿಂದಕ್ಕೆ ಎಣಿಸಬೇಕು. ಹೊಸ ಅನುದಾನಕ್ಕೆ ಮೊದಲ ಭೇಟಿಯಿಂದ ಹಣ ಖಾತೆಗೆ ಬರುವವರೆಗೆ ನಮಗೆ ಐದಾರು ತಿಂಗಳು ಹಿಡಿದಿದೆ. ಮಾರ್ಚ್‌ನಿಂದ ಐದಾರು ತಿಂಗಳು ಹಿಂದೆ ಎಂದರೆ ಈಗ. ಅರ್ಜಿಗಳನ್ನು ಈ ವಾರ ಕಳುಹಿಸಿದರೂ ಕೊನೆಯ ಗಳಿಗೆಯಲ್ಲಿ ತಲುಪಿದಂತೆ.

ಖರ್ಚು ಇಳಿಸುವುದಕ್ಕೂ ಸಮಯ ಬೇಕು ಎಂಬುದನ್ನು ಮರೆಯುತ್ತೇವೆ. ಐದರಲ್ಲಿ ಕಡಿಮೆ ಓದುಗರಿರುವ ಒಂದು ಗ್ರಂಥಾಲಯವನ್ನು ಪಕ್ಕದ ಊರಿನದರೊಂದಿಗೆ ಸೇರಿಸಿದರೆ ತಿಂಗಳಿಗೆ 45,000 ಉಳಿಯುತ್ತದೆ. ಆದರೆ ಬಾಡಿಗೆ ಕರಾರಿನಲ್ಲಿ ಎರಡು ತಿಂಗಳ ಮುಂಚಿತ ಸೂಚನೆ ಕೊಡಬೇಕು ಎಂದಿದೆ, ಅಲ್ಲಿನ ಸಿಬ್ಬಂದಿಗೂ ಅಷ್ಟೇ ಕಾಲಾವಕಾಶ ಕೊಡುವುದು ನ್ಯಾಯ. ನವೆಂಬರ್ 30ರಂದು ತೀರ್ಮಾನಿಸಿದರೆ ಡಿಸೆಂಬರ್, ಜನವರಿಯ ಖರ್ಚು ಹೇಗೂ ಹೋಗುತ್ತದೆ, ಫೆಬ್ರುವರಿ ಮತ್ತು ಮಾರ್ಚ್‌ನಲ್ಲಿ ಒಟ್ಟು 90,000 ಉಳಿಯುತ್ತದೆ. 80,000ದ ಕೊರತೆ ತುಂಬಿ 10,000 ಮಿಗುತ್ತದೆ. ಡಿಸೆಂಬರ್ 31ರಂದು ತೀರ್ಮಾನಿಸಿದರೆ ಒಂದೇ ತಿಂಗಳ ಉಳಿತಾಯ, ಇನ್ನೂ 35,000 ಕೊರತೆ ಉಳಿಯುತ್ತದೆ. ಜನವರಿ ಕೊನೆಗೆ ಮುಂದೂಡಿದರೆ ಮಾರ್ಚ್‌ಗೆ ಬಿಡಿಗಾಸೂ ಒದಗುವುದಿಲ್ಲ, ನೋವು ಮಾತ್ರ ಅಷ್ಟೇ ಇರುತ್ತದೆ.

ಹಾಗಾಗಿ ಮುಂದಿನ ಸಭೆಗೆ ನನ್ನ ಕೋರಿಕೆ ಎರಡು. ಡಿಸೆಂಬರ್ ದಾನಿಯನ್ನು ನವೆಂಬರ್ ಎರಡನೇ ವಾರದೊಳಗೆ ಯಾರಾದರೂ ಇಬ್ಬರು ಟ್ರಸ್ಟಿಗಳು ಭೇಟಿಯಾಗಿ, ಈ ವರ್ಷ ಕೊಡುತ್ತಾರೆಯೇ ಎಂದು ನೇರವಾಗಿ ಕೇಳಬೇಕು. ಉತ್ತರ ಏನೇ ಬರಲಿ, ನವೆಂಬರ್ 30ರ ಸಭೆಯಲ್ಲಿ ಗ್ರಂಥಾಲಯ ಸೇರಿಸುವ ವಿಷಯ ಕಾರ್ಯಸೂಚಿಯಲ್ಲಿ ಇರಬೇಕು. ಆರನೇ ಗ್ರಂಥಾಲಯದ ಪ್ರಸ್ತಾವ ಅದರ ನಂತರದ ಸಾಲಿನಲ್ಲಿರಲಿ. ಮೇಲಿನ ಕೋಷ್ಟಕದಲ್ಲಿ ಅಕ್ಟೋಬರ್‌ನ ಅಂದಾಜಿನ ಪಕ್ಕದಲ್ಲಿ ನಿಜವಾಗಿ ಕರಗಿದ ಮೊತ್ತವನ್ನೂ ತುಂಬಿ ಅಂದು ತರುತ್ತೇನೆ.